ಕೊಳೆಯನ್ನುಣ್ಣುವ ಕೆಸರು

ಕಮರಿಪೇಟೆಯ ಬಚ್ಚಲ ನೀರು ಹಾಗೆಯೇ ಹಳ್ಳವನ್ನು ಸೇರಿತೆನ್ನಿ; ಕೊಳೆಯನ್ನುಣ್ಣುವ ಸೂಕ್ಷ್ಮಜೀವಿಗಳು ಹಳ್ಳದ ಆಮ್ಲಜನಕವನ್ನು ಹೀರಿಬಿಡುತ್ತವೆ, ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಆ ಊಟಕ್ಕೆ ಬೇಕಾಗುವ ಆಮ್ಲಜನಕದ ಪ್ರಮಾಣವೇ ‘ಜೈವಿಕ ಆಮ್ಲಜನಕ ಬೇಡಿಕೆ’. ಊಟವನ್ನು ತೊಟ್ಟಿಯಲ್ಲಿಯೇ ಮುಗಿಸಿಬಿಟ್ಟರೆ ಹಳ್ಳ ಉಳಿಯುತ್ತದೆ.

ಅದನ್ನು ಸಾಧಿಸಿದವರು ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್. ಅವರು ಕೊಳಚೆಗೆ ಗಾಳಿಯೂದಿದಾಗ ಮೊದಲ ಸಲ ಶುದ್ಧಿಗೆ ಐದು ವಾರ ಹಿಡಿಯಿತು. ತಿಳಿನೀರನ್ನಷ್ಟೇ ಬಸಿದು, ತಳದ ಕೆಸರನ್ನು ಚೆಲ್ಲದೆ ಅದರ ಮೇಲೆ ಹೊಸ ಕೊಳಚೆ ತುಂಬುತ್ತ ಹೋದಂತೆ, ಅದೇ ಕೆಲಸ 24 ಗಂಟೆಗಳೊಳಗೆ ಮುಗಿಯತೊಡಗಿತು. ಆ ಕೆಸರು ಹಸಿದ ಬ್ಯಾಕ್ಟೀರಿಯಗಳ ಹಿಂಡೇ ಆಗಿತ್ತು! ಈ ಸಂಶೋಧನೆ ಪ್ರಕಟವಾದುದು 1914ರಲ್ಲಿ. ಅವರ ಮಾರ್ಗದರ್ಶಕರಾದ ಫೌಲರರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ತೊಟ್ಟಿಗೆ ಗಾಳಿ ಸಾಲದಾದರೆ ಎಳೆಯಂಥ ಜೀವಿಗಳು ಹೆಚ್ಚುತ್ತವೆ. ಕೆಸರು ಹಿಂಜಿದ ಅರಳೆಯಂತೆ ಉಬ್ಬಿ ತಿಳಿನೀರಿನೊಡನೆ ಹೊರಬೀಳುತ್ತದೆ. ಗಾಜಿನ ಜಾಡಿಯಲ್ಲಿ ಅರ್ಧ ಗಂಟೆ ಇಟ್ಟರೂ ಅದು ತಳಕ್ಕಿಳಿಯದು.