ಮಾಲ್ ಕಿಯಾಸ್ಕಿನಲ್ಲಿ ಒಂದೂವರೆ ನಿಮಿಷ: ಪೋರ್ಟಬಲ್ ಬ್ಲೆಂಡರ್ ಮಾರುವ ಮಾತು

ಮಿರ್ಜಾನದಲ್ಲಿ ಮಾಲ್ ಇಲ್ಲ. ಆದರೆ ಹುಬ್ಬಳ್ಳಿ, ಮಂಗಳೂರಿನ ಮಾಲ್‌ಗಳಲ್ಲಿ ಕಿಯಾಸ್ಕ್ ಹಿಡಿದು ಪೋರ್ಟಬಲ್ ಬ್ಲೆಂಡರ್ ಮಾರುವವರು ನಮ್ಮ ಕಡೆಯ ಗ್ರಾಹಕರ ಒಂದು ಪ್ರಶ್ನೆಗೆ ಸಿದ್ಧರಿರಬೇಕು: “ಇದರಲ್ಲಿ ಕಾಯಿ ಅರೆಯಲಿಕ್ಕೆ ಬರ್ತದಾ?”

ವ್ಯಾಪಾರ ಕೈತಪ್ಪೀತೆಂದು “ಬರ್ತದೆ” ಎನ್ನುವುದು ದುಬಾರಿ ಉತ್ತರ. ಈ ಯಂತ್ರದ ಮೋಟಾರು ಸಣ್ಣ ಬ್ಯಾಟರಿಯಿಂದ ನಡೆಯುವಂಥದು. ನಾರುಳ್ಳ ಕಾಯಿತುರಿ ಬ್ಲೇಡಿನ ಸುತ್ತ ಗಟ್ಟಿಯಾಗಿ ಕೂತರೆ ಬ್ಲೇಡು ನಿಲ್ಲುತ್ತದೆ, ಮೋಟಾರು ಕಾಯುತ್ತದೆ, ಮಾರಿದ ಮಾಲು ಹಿಂತಿರುಗುತ್ತದೆ. ಆದ್ದರಿಂದ ಯಂತ್ರದ ಮಿತಿಯನ್ನು ಗ್ರಾಹಕರು ಕೇಳುವ ಮೊದಲೇ ಹೇಳಿಬಿಡಬೇಕು. ಅದಕ್ಕೆ ತಕ್ಕ ಹೊತ್ತು ಯಂತ್ರ ತಿರುಗುತ್ತಿರುವ ಅರ್ಧ ನಿಮಿಷ. ಆಗ ಗ್ರಾಹಕರ ಕಣ್ಣು ಜಾರಿನ ಮೇಲಿರುತ್ತದೆ, ಕಿವಿ ಬಿಡುವಾಗಿರುತ್ತದೆ.

350 ಮಿಲಿ ಜಾರಿನ ಮಾದರಿಗೆ ಹೊಂದುವ ಮಾತು ಹೀಗಿರಬಹುದು:

“ಬನ್ನಿ ಅಕ್ಕಾ, ತೆಗೆದುಕೊಳ್ಳುವ ಮಾತು ಆಮೇಲೆ, ಮೊದಲು ಒಂದು ಗುಟುಕು ಕುಡಿದು ನೋಡಿ. ಇದಕ್ಕೆ ವೈರು ಬೇಡ, ಫೋನಿನಂತೆ ಚಾರ್ಜ್ ಮಾಡಿದರಾಯಿತು. ಮೊದಲು ಹಾಲು, 150 ಮಿಲಿ. ಆಮೇಲೆ ಅರ್ಧ ಬಾಳೆಹಣ್ಣು, ಸಣ್ಣ ಹೋಳು ಮಾಡಿ. ಜಾರು ತುಂಬಿ ತುಳುಕಬಾರದು. ಮುಚ್ಚಳ ಬಿಗಿಯಾಯಿತು, ಗುಂಡಿ ನೀವೇ ಒತ್ತಿ.

ತಿರುಗುತ್ತಿರಲಿ, ಒಂದು ಮಾತು ಹೇಳುತ್ತೇನೆ. ಇದು ಹಣ್ಣು, ಹಾಲು, ಮಜ್ಜಿಗೆಗೆ. ಕಾಯಿ, ಅಕ್ಕಿ, ಒಣಮೆಣಸಿಗೆ ನಿಮ್ಮ ಮನೆಯ ಮಿಕ್ಸಿಯೇ ಬೇಕು. ಬಿಸಿಯದನ್ನು ಹಾಕಲೇಬೇಡಿ; ಆವಿ ತುಂಬಿ ಮುಚ್ಚಳ ಹಾರೀತು.

ಆಯಿತು, ರುಚಿ ನೋಡಿ. ತೊಳೆಯುವುದೂ ಹೀಗೆಯೇ: ನೀರು, ಒಂದು ಹನಿ ಸೋಪು ಹಾಕಿ ಮತ್ತೊಮ್ಮೆ ತಿರುಗಿಸಿ. ಕೆಳಗಿನ ಮೋಟಾರಿನ ಭಾಗವನ್ನು ಮಾತ್ರ ನೀರಿನಲ್ಲಿ ಅದ್ದಬೇಡಿ.”

ಹಾಲನ್ನು ಮೊದಲು ಹಾಕುವುದಕ್ಕೆ ಕಾರಣವಿದೆ. ದ್ರವ ಸುಳಿಯಾಗಿ ತಿರುಗಿ ಹೋಳುಗಳನ್ನು ಬ್ಲೇಡಿನ ಕಡೆಗೆ ಎಳೆಯುತ್ತದೆ. ಹಣ್ಣೇ ತಳದಲ್ಲಿದ್ದರೆ ಬ್ಲೇಡು ಸಿಕ್ಕಿಕೊಳ್ಳುತ್ತದೆ. ಪ್ರಾತ್ಯಕ್ಷಿಕೆಯ ನಡುವೆ ಹಾಗೆ ನಿಂತರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತಬಾರದು. ಯಂತ್ರವನ್ನು ಆರಿಸಿ, ಓರೆ ಮಾಡಿ ಅಲ್ಲಾಡಿಸಿ, ತುಸು ಹಾಲು ಸೇರಿಸಿ ನಡೆಸಬೇಕು. ಇದನ್ನು ಮುಚ್ಚಿಡದೆ ತೋರಿಸುವುದೇ ಲೇಸು. ಮನೆಯಲ್ಲಿಯೂ ಅದು ನಿಂತೀತು. ಒಂದು ಚಾರ್ಜಿಗೆ ಎಷ್ಟು ಸಲ ನಡೆಯುತ್ತದೆಂಬುದಕ್ಕೆ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬದೆ ತಾವೇ ಒಂದು ದಿನ ಎಣಿಸಿ, ಆ ಸಂಖ್ಯೆಯನ್ನೇ ಹೇಳಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕಿನ ಗುಣಮಟ್ಟದ ಬಗ್ಗೆ ಬಾಯಿಮಾತಿನಲ್ಲಿ ಸುಳ್ಳು ಹೇಳುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಕಿಯಾಸ್ಕಿನ ಹುಡುಗ ಆಡಿದ “ಬರ್ತದೆ” ಎಂಬ ಒಂದು ಮಾತು ಮಾಲೀಕರಿಗೂ ತೊಡಕಾದೀತು.

ಹಿಂತಿರುಗಿದ ಪ್ರತಿ ಯಂತ್ರದ ಕಾರಣವನ್ನು ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡಿರಿ. “ಕಾಯಿ ಅರೆಯಲಿಲ್ಲ” ಎಂಬುದು ಮತ್ತೆ ಮತ್ತೆ ಬಂದರೆ ದೋಷ ಯಂತ್ರದಲ್ಲಿರಲಾರದು. ನಡುವಿನ ಆ ಮಾತನ್ನು ಯಾರೋ ನುಂಗುತ್ತಿದ್ದಾರೆ.