ತಿಂಗಳ ಸಭೆಗೆ ಯಾರ ಹತ್ತಿರ ಯಾವ ಕೆಲಸ ಬಾಕಿ?



ಪಿಂಚಣಿ ಅರ್ಜಿ, ಪಡಿತರ ಚೀಟಿ, ಬ್ಯಾಂಕ್ ಸಾಲದ ಕಾಗದ ಇವನ್ನೆಲ್ಲ ಈಗ ಅನೇಕ ಒಕ್ಕೂಟಗಳು ಕಂಪ್ಯೂಟರಿನ ಟ್ರ್ಯಾಕರ್‌ನಲ್ಲಿ ಬರೆದಿಡುತ್ತವೆ. ಒಂದು ಕೆಲಸಕ್ಕೆ ಒಂದು ಸಾಲು: ನಂಬರು, ಕೆಲಸ, ಯಾರ ಜವಾಬ್ದಾರಿ (Assignee), ಎಲ್ಲಿಗೆ ಬಂತು (Status). ಆದರೆ ಸಭೆಯಲ್ಲಿ ಒಂದೊಂದೇ ಸಾಲು ಓದುತ್ತಾ ಕೂತರೆ ಮಧ್ಯಾಹ್ನವೇ ಆಗಿಬಿಡುತ್ತದೆ. ಅದಕ್ಕೇ ಪಿವಟ್ ಪಟ್ಟಿ.

ಮೊದಲು ಟ್ರ್ಯಾಕರ್‌ನಲ್ಲಿ ಹಾಕಿರುವ ಫಿಲ್ಟರ್ ತೆಗೆಯಿರಿ. ಸಾಮಾನ್ಯವಾಗಿ ಪರದೆ ಮೇಲೆ ಕಾಣುವ ಸಾಲುಗಳಷ್ಟೇ ಹೊರಗೆ ಬರುತ್ತವೆ. ನಂತರ Export ಒತ್ತಿ CSV ಆರಿಸಿ. ಆ ಕಡತವನ್ನು ಗೂಗಲ್ ಶೀಟ್ಸ್‌ನಲ್ಲಿ File, Import ಮೂಲಕ ತನ್ನಿ. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಅಕ್ಷರ ಕೆಲವೊಮ್ಮೆ ಚಿತ್ರವಿಚಿತ್ರವಾಗಿ ಕಾಣುತ್ತವೆ. ಸಾಲುಗಳ ಲೆಕ್ಕ ಟ್ರ್ಯಾಕರ್‌ನ ಲೆಕ್ಕಕ್ಕೆ ತಾಳೆಯಾಗುತ್ತದಾ ನೋಡಿರಿ.

ಆಮೇಲೆ Insert, Pivot table. Rows ಜಾಗಕ್ಕೆ Assignee, Columns ಜಾಗಕ್ಕೆ Status, Values ಜಾಗಕ್ಕೆ ನಂಬರಿನ ಕಾಲಂ ಹಾಕಿ COUNTA ಆರಿಸಿ. SUM ಇದ್ದರೆ ಅರ್ಜಿ ನಂಬರುಗಳನ್ನೇ ಕೂಡಿ ಅರ್ಥವಿಲ್ಲದ ದೊಡ್ಡ ಮೊತ್ತ ತೋರಿಸುತ್ತದೆ.

ಒಂದು ಉದಾಹರಣೆ ತಗೊಳ್ಳೋಣ. ಒಟ್ಟು 24 ಕೆಲಸ. ದಾವಣಗೆರೆ ನಿಟ್ಟುವಳ್ಳಿ ಕಾರ್ಯಕರ್ತೆಯ ಸಾಲಿನಲ್ಲಿ ಆರಂಭವಾಗದ್ದು 2, ನಡೆಯುತ್ತಿರುವುದು 3, ಮುಗಿದದ್ದು 5. "ಹರಿಹರ" ಸಾಲಿನಲ್ಲಿ 1, 7, 3. ಅದರ ಕೆಳಗೆ "ಹರಿಹರ ಟೌನ್" ಅಂತ ಇನ್ನೊಂದು ಸಾಲು: 0, 2, 1. ಇಬ್ಬರಿದ್ದಾರಾ? ಇಲ್ಲ, ಒಬ್ಬರೇ ಕಾರ್ಯಕರ್ತೆ. ಹೆಸರನ್ನು ಎರಡು ರೀತಿ ಬರೆದಿದ್ದಾರೆ, ಅಷ್ಟೇ. ಮೂಲ ಹಾಳೆಯಲ್ಲಿ ಎಲ್ಲ ಕಡೆ ಒಂದೇ ಹೆಸರು ಮಾಡಿದರೆ ಹರಿಹರದ್ದು 1, 9, 4 ಆಗುತ್ತದೆ. ಒಟ್ಟು ಆಗಲೂ 24 ಇರಬೇಕು. ಹೆಸರೇ ಇಲ್ಲದ ಸಾಲು ಕಂಡರೆ ಆ ಕೆಲಸ ಯಾರಿಗೂ ವಹಿಸಿಲ್ಲ ಎಂದರ್ಥ. ನನ್ನನ್ನು ಕೇಳಿದರೆ ಸಭೆಯಲ್ಲಿ ಮೊದಲು ಅದನ್ನೇ ಎತ್ತಬೇಕು.

ಈಗ ಆ 9 ನೋಡಿ ಹರಿಹರದವಳು ಹಿಂದೆ ಬಿದ್ದಿದ್ದಾಳೆ ಅನ್ನಬೇಡಿರಿ. 9ರ ಮೇಲೆ ಎರಡು ಸಲ ಒತ್ತಿದರೆ ಆ ಒಂಬತ್ತೂ ಸಾಲುಗಳು ಬೇರೆ ಹಾಳೆಯಲ್ಲಿ ಬರುತ್ತವೆ. ಅದರಲ್ಲಿ 6 ಸಂಧ್ಯಾ ಸುರಕ್ಷಾ ಅರ್ಜಿಗಳು ನಾಡಕಚೇರಿಗೆ ಹೋಗಿ ಕೂತಿವೆ ಅಂದುಕೊಳ್ಳಿ. ಅವಳ ಕೈಯಲ್ಲಿ ಉಳಿದದ್ದು 3 ಮಾತ್ರ. ಇಂಥದ್ದಕ್ಕೆ "ಕಚೇರಿಯಲ್ಲಿ ಬಾಕಿ" ಅಂತ ಬೇರೆ Status ಇಟ್ಟರೆ ಮುಂದಿನ ತಿಂಗಳು ಜಗಳವಿರುವುದಿಲ್ಲ.

ಇನ್ನೊಂದು ಮಾತು. ಈ ಪಟ್ಟಿ ಇಳಿಸಿಕೊಂಡ ದಿನದ ಸ್ಥಿತಿ ಮಾತ್ರ ಹೇಳುತ್ತದೆ, ಹೋದ ತಿಂಗಳು ಏನಿತ್ತು ಅನ್ನುವುದು ಅದರಲ್ಲಿ ಇರೋದಿಲ್ಲ. ಆದ್ದರಿಂದ ಪ್ರತಿ ತಿಂಗಳ ಕೊನೇ ದಿನ ಇಳಿಸಿ, ಕಡತಕ್ಕೆ ತಿಂಗಳ ಹೆಸರು ಹಾಕಿ ಹಾಗೇ ಇಡಿ. ಎರಡು ತಿಂಗಳ ಪಟ್ಟಿ ಪಕ್ಕಪಕ್ಕ ಇಟ್ಟಾಗ, ಎರಡರಲ್ಲೂ ಅದೇ ನಂಬರು ಅಲ್ಲೇ ನಿಂತಿದ್ದರೆ ಆ ಅರ್ಜಿ ಹಿಡಿದು ಕಚೇರಿಗೆ ಹೊರಡಿರಿ.