ಕಾರ್ಡಿನ ವಾರ್ಷಿಕ ಶುಲ್ಕವೂ ವ್ಯವಸ್ಥಾಪಕರಿಗೊಂದು ಪತ್ರವೂ

ನಂಜನಗೂಡಿನಲ್ಲಿರುವ ನನ್ನ ಅಕ್ಕನ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ಮರುದಿನವೇ, ಒಂದರ ಕೆಳಗೊಂದರಂತೆ ಎರಡು ಸಾಲುಗಳಲ್ಲಿ, ಪ್ರತಿಯೊಂದಕ್ಕೂ 177 ರೂಪಾಯಿಯ ಮೇರೆಗೆ, ಒಟ್ಟು 354 ರೂಪಾಯಿ ಖರ್ಚು ಬಿದ್ದಿತ್ತು. ಬ್ಯಾಂಕಿನ ಕೌಂಟರಿನಲ್ಲಿ ಅವಳು ವಿಚಾರಿಸಿದಾಗ ದೊರೆತ ಉತ್ತರವನ್ನು ತಿರುಮಕೂಡಲು ನರಸೀಪುರದಲ್ಲಿದ್ದ ನನಗೆ ಫೋನಿನಲ್ಲಿ ಹೀಗೆ ಹೇಳಿದಳು: “ಎಟಿಎಂ ಕಾರ್ಡಿನ ವರ್ಷದ ಚಾರ್ಜಂತೆ ಕಣಪ್ಪ. ಕಂಪ್ಯೂಟರೇ ಕಟ್ ಮಾಡ್ಕೊಳ್ತದಂತೆ, ಅವರ ಕೈಲೇನೂ ಇಲ್ವಂತೆ.” ಆ ತಿಂಗಳ ಗ್ಯಾಸು, ಔಷಧಿಗಳ ಲೆಕ್ಕವನ್ನೆಲ್ಲ ಆ ಎರಡು ಸಾವಿರದ ಮೇಲೆಯೇ ಹಾಕಿಕೊಂಡಿದ್ದವಳಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ.

ಒಂದೇ ವರ್ಷದ ಶುಲ್ಕ ಎರಡು ಸಲ ಬಿದ್ದುದೇಕೆ ಎಂಬುದು ಮೊದಲ ಪ್ರಶ್ನೆಯಾಯಿತು. 177 ಎಂಬುದು 150 ರೂಪಾಯಿಯ ಶುಲ್ಕವೂ ಅದರ ಮೇಲಣ ಶೇಕಡ 18ರ ಜಿಎಸ್‌ಟಿಯಾದ 27 ರೂಪಾಯಿಯೂ ಸೇರಿದ ಮೊತ್ತ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲದ ಕಾಲದಲ್ಲಿ ವಿಧಿಸಿದ ಶುಲ್ಕವು ಬಾಕಿಯಾಗಿ ಉಳಿದು, ಹಣ ಬಂದೊಡನೆ ತಾನಾಗಿಯೇ ವಸೂಲಾಗುವುದುಂಟು. ಅಕ್ಕನ ಖಾತೆಯಲ್ಲಿ ಹಿಂದಿನ ವರ್ಷದ ಬಾಕಿ ಹಾಗೆ ಕಾದು ಕುಳಿತಿದ್ದು, ಸರ್ಕಾರದ ಹಣ ಬಂದ ಮರುದಿನ ಈ ವರ್ಷದ ಶುಲ್ಕದೊಡನೆ ಎದ್ದು ಬಂದಿತ್ತು. ಇಂಥ ಸಾಲುಗಳು ಪಾಸ್‌ಬುಕ್ಕಿನಲ್ಲಿ AMC ಎಂದೋ Annual Fee ಎಂದೋ ತುಂಡು ಅಕ್ಷರಗಳಲ್ಲಿ ಅಚ್ಚಾಗುವುದರಿಂದ ಎಷ್ಟೋ ಮಂದಿ ಅವುಗಳನ್ನು ಗಮನಿಸುವುದೇ ಇಲ್ಲ.

ಎರಡನೆಯ ಪ್ರಶ್ನೆ, ಈ ಶುಲ್ಕ ವಿಧಿಸತಕ್ಕದ್ದೇ ಅಲ್ಲವೇ ಎಂಬುದು. ವ್ಯವಸ್ಥಾಪಕರಿಗೆ ಬರೆಯುವ ಪತ್ರದ ಬಲವೆಲ್ಲ ಇದರ ಉತ್ತರದಲ್ಲಿದೆ. ಸಾಮಾನ್ಯ ಉಳಿತಾಯ ಖಾತೆಯಾದರೆ, ಪ್ರಕಟಿತ ದರಪಟ್ಟಿಯಂತೆ ಕಾರ್ಡಿಗೆ ಶುಲ್ಕ ತೆಗೆದುಕೊಳ್ಳಲು ಬ್ಯಾಂಕಿಗೆ ಅಧಿಕಾರವಿದೆ. ಅಲ್ಲಿ ನಮ್ಮದು ದೂರಾಗದೆ ವಿನಂತಿಯಷ್ಟೇ ಆಗುತ್ತದೆ. ಆದರೆ ರಿಸರ್ವ್ ಬ್ಯಾಂಕು 2012ರ ಆಗಸ್ಟ್ 10ರ ಸುತ್ತೋಲೆಯಿಂದ ಏರ್ಪಡಿಸಿದ ಮೂಲ ಉಳಿತಾಯ ಖಾತೆ, ಎಂದರೆ ಜನರ ಬಾಯಲ್ಲಿ ‘ಝೀರೋ ಬ್ಯಾಲೆನ್ಸ್’ ಖಾತೆಯಾದರೆ, ಅದರೊಡನೆ ಕೊಡುವ ಸಾದಾ ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕವಿರಕೂಡದು. 2019ರ ಜುಲೈ 1ರಿಂದ ಜಾರಿಗೆ ಬಂದ ಪರಿಷ್ಕೃತ ನಿಯಮದಲ್ಲಿಯೂ ಈ ಕಾರ್ಡು ಉಚಿತ ಸೌಲಭ್ಯಗಳ ಸಾಲಿನಲ್ಲಿಯೇ ಇದೆ. 2014ರ ಆಗಸ್ಟ್‌ನಲ್ಲಿ ಆರಂಭವಾದ ಜನಧನ ಯೋಜನೆಯ ಖಾತೆಗಳು ಇದೇ ವರ್ಗಕ್ಕೆ ಸೇರಿದವು.

ಅಕ್ಕನದು ಜನಧನ ಖಾತೆಯೆಂದು ನಮಗೆ ಗೊತ್ತಿತ್ತು. ಆದರೆ ಅವಳ ಕೈಯಲ್ಲಿದ್ದ ಹೊಸ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಖಾತೆಯ ವಿಧವೆಂಬ ಜಾಗದಲ್ಲಿ ಬರಿಯ ಉಳಿತಾಯ ಖಾತೆ ಎಂದು ಮಾತ್ರ ಅಚ್ಚಾಗಿತ್ತು. ಬ್ಯಾಂಕಿನ ಗಣಕದಲ್ಲಿ ಪ್ರತಿಯೊಂದು ಖಾತೆಗೂ ಅದರ ವಿಧವನ್ನು ತೋರಿಸುವ ಒಂದು ಸಂಕೇತವಿರುತ್ತದೆ. ಶುಲ್ಕವನ್ನು ಕಡಿಯುವ ಯಂತ್ರವು ಖಾತೆದಾರಳ ಸ್ಥಿತಿಯನ್ನಲ್ಲ, ಆ ಸಂಕೇತವನ್ನು ನೋಡುತ್ತದೆ. ನಡುವೆ ಎಲ್ಲಿಯೋ ಆ ಸಂಕೇತವು ಸಾಮಾನ್ಯ ಖಾತೆಯದಾಗಿ ಬದಲಾಗಿತ್ತು. ಪುಣ್ಯವಶಾತ್ ಅಲಮಾರಿನಲ್ಲಿ ಪಡಿತರ ಚೀಟಿಯ ಜೊತೆಗೆ ಅವಳು ಹಳೆಯ ಪಾಸ್‌ಬುಕ್ಕನ್ನು ಕಾಪಾಡಿಕೊಂಡಿದ್ದಳು. ಅದರ ಮೊದಲ ಪುಟದಲ್ಲಿ ಅದೇ ಖಾತೆಯ ಸಂಖ್ಯೆಯ ಮುಂದೆ PMJDY ಎಂಬ ಅಕ್ಷರಗಳು ಸ್ಪಷ್ಟವಾಗಿದ್ದುವು. ನಮ್ಮ ಸಾಕ್ಷ್ಯವೆಲ್ಲ ಆ ಒಂದು ಪುಟದಲ್ಲಿತ್ತು.

ಆಮೇಲೆ ಪತ್ರ. ಖಾತೆದಾರಳೇ ಸಹಿ ಮಾಡಬೇಕಾದುದರಿಂದ ಅವಳ ಹೆಸರಿನಲ್ಲಿಯೇ, ಕನ್ನಡದಲ್ಲಿಯೇ ಬರೆದೆವು. ಬಡತನದ ವರ್ಣನೆಯನ್ನಾಗಲಿ ನೌಕರರ ಮೇಲಣ ಆಕ್ಷೇಪಣೆಯನ್ನಾಗಲಿ ಅದರಲ್ಲಿ ಸೇರಿಸಲಿಲ್ಲ. ಏಕೆಂದರೆ ಕನಿಕರದಿಂದ ಹಿಂದಿರುಗಿದ ಹಣವು ಮುಂದಿನ ವರ್ಷ ಮತ್ತೆ ಕಡಿತವಾಗುತ್ತದೆ, ನಿಯಮದಿಂದ ಹಿಂದಿರುಗಿದ ಹಣ ಹಾಗಲ್ಲ. ಪತ್ರದ ಒಡಲು ಇಷ್ಟೇ:

“ಮಾನ್ಯರೇ, ಮೇಲ್ಕಂಡ ಸಂಖ್ಯೆಯ ನನ್ನ ಖಾತೆಯು ಪ್ರಧಾನಮಂತ್ರಿ ಜನಧನ ಯೋಜನೆಯಡಿ ತೆರೆದ ಮೂಲ ಉಳಿತಾಯ ಖಾತೆಯಾಗಿರುತ್ತದೆ. ಇದನ್ನು ಸಾಮಾನ್ಯ ಖಾತೆಯಾಗಿ ಮಾರ್ಪಡಿಸಲು ನಾನು ಯಾವ ಅರ್ಜಿಯನ್ನೂ ಕೊಟ್ಟಿರುವುದಿಲ್ಲ. ತಮ್ಮ ಬ್ಯಾಂಕಿನಲ್ಲಿ ನನಗೆ ಬೇರೆ ಉಳಿತಾಯ ಖಾತೆಯೂ ಇರುವುದಿಲ್ಲ. ಹೀಗಿದ್ದೂ ಕಾರ್ಡಿನ ವಾರ್ಷಿಕ ಶುಲ್ಕವೆಂದು ಎರಡು ಬಾಬಿನಲ್ಲಿ ಒಟ್ಟು ರೂ. 354 ಕಡಿತವಾಗಿದೆ. ಈ ಮೊತ್ತವನ್ನು ತೆರಿಗೆಸಹಿತ ಖಾತೆಗೆ ಮರುಜಮೆ ಮಾಡಿ, ಖಾತೆಯ ವಿಧವನ್ನು ಮೊದಲಿನಂತೆ ಸರಿಪಡಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ. ಹಳೆಯ ಹಾಗೂ ಹೊಸ ಪಾಸ್‌ಬುಕ್ಕುಗಳ ಮೊದಲ ಪುಟದ ಮತ್ತು ಕಡಿತ ನಮೂದಾದ ಪುಟದ ನಕಲುಗಳನ್ನು ಲಗತ್ತಿಸಿದ್ದೇನೆ.”

ಬೇರೆ ಖಾತೆಯಿಲ್ಲವೆಂಬ ವಾಕ್ಯವನ್ನು ಬೇಕೆಂದೇ ಸೇರಿಸಿದ್ದೆವು. ಮೂಲ ಉಳಿತಾಯ ಖಾತೆಯುಳ್ಳವರು ಅದೇ ಬ್ಯಾಂಕಿನಲ್ಲಿ ಮತ್ತೊಂದು ಉಳಿತಾಯ ಖಾತೆಯನ್ನಿಟ್ಟುಕೊಳ್ಳುವಂತಿಲ್ಲವಾದ್ದರಿಂದ, ಬ್ಯಾಂಕಿನವರು ಎತ್ತಬಹುದಾದ ಮೊದಲ ತಕರಾರು ಅದೇ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕಸಹಿತ ಶಾಖೆಯ ಮೊಹರನ್ನು ಹಾಕಿಸಿಕೊಂಡೆವು. ಮೊಹರು ಹಾಕಲು ಕೌಂಟರಿನಲ್ಲಿ ಹಿಂಜರಿದರು; ಅಕ್ಕ ಅಲ್ಲಿಂದ ಕದಲಲಿಲ್ಲ. ಆ ಮೊಹರಿನ ದಿನಾಂಕವೇಕೆ ಮುಖ್ಯವೆಂದರೆ, ಬ್ಯಾಂಕಿಗೆ ದೂರು ಮುಟ್ಟಿ 30 ದಿನ ಕಳೆದರೂ ಉತ್ತರ ಬಾರದಿದ್ದಲ್ಲಿ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದಲ್ಲಿ ಮಾತ್ರ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರ ಬಳಿಗೆ ಹೋಗಬಹುದು. 2021ರ ನವೆಂಬರ್ 12ರಂದು ಜಾರಿಗೆ ಬಂದ ಏಕೀಕೃತ ಯೋಜನೆಯಂತೆ ಅದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, cms.rbi.org.in ಎಂಬಲ್ಲಿಯಾಗಲಿ, ಯಾವ ಭಾಷೆಯಲ್ಲಾದರೂ ಬರೆದು ಚಂಡೀಗಢದ ಸ್ವೀಕೃತಿ ಕೇಂದ್ರಕ್ಕೆ ಅಂಚೆಯ ಮೂಲಕವಾಗಲಿ ದೂರು ಕಳುಹಿಸಬಹುದು. ಬಾಯಿಮಾತಿನ ದೂರಿಗೆ ಆ 30 ದಿನಗಳ ಎಣಿಕೆ ಎಂದು ಮೊದಲಾಯಿತೆಂಬುದಕ್ಕೆ ಆಧಾರವೇ ಇರುವುದಿಲ್ಲ.

ನಮಗೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಹಳೆಯ ಪಾಸ್‌ಬುಕ್ಕಿನ ಪುಟವನ್ನು ನೋಡಿದ ವ್ಯವಸ್ಥಾಪಕರು ತಪ್ಪನ್ನು ಅಲ್ಲಗಳೆಯಲಿಲ್ಲ. ಮೊದಲು ಜಮೆಯಾದುದು ಮಾತ್ರ 300 ರೂಪಾಯಿ. ಶುಲ್ಕವನ್ನು ಹಿಂದಿರುಗಿಸುವಾಗ ಅದರ ಮೇಲಣ ತೆರಿಗೆಯು ಹಿಂದುಳಿದುಬಿಡುವುದುಂಟು. ಪತ್ರದಲ್ಲಿ ‘ತೆರಿಗೆಸಹಿತ’ ಎಂದು ಬರೆದಿದ್ದುದನ್ನು ತೋರಿಸಿದ ಮೇಲೆ ಉಳಿದ 54 ರೂಪಾಯಿಯೂ ಬಂದಿತು. ಅದಕ್ಕಿಂತ ಮುಖ್ಯವಾಗಿ, ಖಾತೆಯ ವಿಧವನ್ನು ಸರಿಪಡಿಸಲಾಗಿದೆಯೆಂಬ ಒಂದು ಸಾಲಿನ ಉತ್ತರವೂ ಕೈಸೇರಿತು. 54 ರೂಪಾಯಿಗಾಗಿ ಮತ್ತೆ ಶಾಖೆಗೆ ಹೋಗುವುದೇ ಎಂದು ಕೇಳಿದವರುಂಟು. ಕೊಡತಕ್ಕದ್ದಲ್ಲದ ಶುಲ್ಕದ ಮೇಲಣ ತೆರಿಗೆಯೂ ಕೊಡತಕ್ಕದ್ದಲ್ಲವೆಂದೇ ನನ್ನ ಅಭಿಪ್ರಾಯ.

ಸಾಮಾನ್ಯ ಖಾತೆಯುಳ್ಳವರಿಗೆ ಬೇರೊಂದು ಮಾತಿದೆ. ಕಾರ್ಡನ್ನು ಬಳಸದೆ ಪೆಟ್ಟಿಗೆಯಲ್ಲಿಟ್ಟರೂ, ಕತ್ತರಿಸಿ ಎಸೆದರೂ, ಬ್ಯಾಂಕಿನ ದಾಖಲೆಯಲ್ಲಿ ಅದು ಜೀವಂತವಾಗಿರುವ ತನಕ ಶುಲ್ಕ ನಿಲ್ಲುವುದಿಲ್ಲ. ಡೆಬಿಟ್ ಕಾರ್ಡನ್ನು ತೆಗೆದುಕೊಳ್ಳಲೇಬೇಕೆಂದು ಬ್ಯಾಂಕುಗಳು ಒತ್ತಾಯಿಸಕೂಡದೆಂಬುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಆದಕಾರಣ ಬೇಡವಾದವರು, ಪಾಸ್‌ಬುಕ್ಕಿನಲ್ಲಿ ಹಿಂದಿನ ಶುಲ್ಕ ಯಾವ ತಿಂಗಳಲ್ಲಿ ಬಿದ್ದಿದೆಯೆಂದು ನೋಡಿಕೊಂಡು, ಆ ತಿಂಗಳು ಮರಳುವುದಕ್ಕೆ ಮೊದಲೇ ಕಾರ್ಡನ್ನು ರದ್ದುಗೊಳಿಸಬೇಕೆಂದು ಪತ್ರ ಕೊಟ್ಟು ಮೊಹರು ಪಡೆಯಬೇಕು. ಹೊಸ ಪಾಸ್‌ಬುಕ್ಕು ಬಂತೆಂದು ಹಳೆಯದನ್ನು ಮಾತ್ರ ದಯವಿಟ್ಟು ರದ್ದಿಗೆ ಹಾಕಬೇಡಿ.